ಬಾಡಿಗೆ ತಡವಾದಾಗ ಬರೆಯುವ ಮೇಲ್

ನಮ್ಮ ಮನೆ ಓನರ್ ಶಿವಮೊಗ್ಗದಲ್ಲಿದ್ದಾರೆ, ನಾವು ಬೆಂಗಳೂರಿನ ವಿಜಯನಗರದಲ್ಲಿ. ಅಗ್ರಿಮೆಂಟಿನ ಪ್ರಕಾರ ಪ್ರತಿ ತಿಂಗಳು 5ರೊಳಗೆ 18,000 ರೂಪಾಯಿ ಅವರ ಖಾತೆಗೆ ಬೀಳಬೇಕು. ಒಂದು ತಿಂಗಳು ಬೀಳಲಿಲ್ಲ. 6ರ ಬೆಳಗ್ಗೆ ಫೋನ್ ಬಂತು. "ಏನಪ್ಪಾ, ಬಾಡಿಗೆ ಕಂಡಿಲ್ವಲ್ಲ?" "ನಿನ್ನೆ ರಾತ್ರೀನೇ ಹಾಕಿದೀನಿ ಸರ್, ಫೋಟೋ ಕಳಿಸ್ತೀನಿ" ಅನ್ನೋದು ಬಾಯಿ ತುದಿಯಲ್ಲಿತ್ತು. ಆದರೆ ಆ ಫೋಟೋದಲ್ಲಿ ಇದ್ದದ್ದಾದರೂ ಏನು? ನನ್ನ ಖಾತೆಯಿಂದ ದುಡ್ಡು ಹೋಗಿದೆ, ಮುಂದಿನದ್ದು "ಪೆಂಡಿಂಗ್" ಅಂತ. ಇಲ್ಲಿಂದ ಹೊರಟಿದ್ದಕ್ಕೆ ಅದು ಸಾಕ್ಷಿ, ಅಲ್ಲಿ ತಲುಪಿದ್ದಕ್ಕಲ್ಲ. ಹಾಗಾಗಿ, "ಕಳಿಸಿದ್ದು ನಡುವೆ ಸಿಕ್ಕಿಕೊಂಡಿದೆ, ಇವತ್ತು ನೋಡಿ ಹೇಳ್ತೀನಿ ಸರ್" ಅಂದೆ.

ಇಂಥ ಹೊತ್ತಲ್ಲಿ ಗಾಬರಿಬಿದ್ದು ಇನ್ನೊಂದು ಸಲ ಹಾಕಿಬಿಡುವವರಿದ್ದಾರೆ. ಮೊದಲನೆಯದೂ ಹೋಗಿ ತಲುಪಿದರೆ ಎರಡು ಬಾಡಿಗೆ ಕೊಟ್ಟಂತಾಗುತ್ತೆ. ಯುಪಿಐನಲ್ಲಿ ಒಂದು ಕಡೆ ಕಡಿತವಾಗಿ ಇನ್ನೊಂದು ಕಡೆ ಜಮಾ ಆಗದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಆ ಹಣ ಮಾರನೇ ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಾನು ಕಾದೆ. 6ರ ಸಂಜೆ ದುಡ್ಡು ನನ್ನ ಖಾತೆಗೆ ಮರಳಿತು. ಆ ರಾತ್ರಿಯೇ ನೆಫ್ಟ್ ಮೂಲಕ ಹಾಕಿದೆ. ನೆಫ್ಟ್ ಈಗ ರಜೆ, ಭಾನುವಾರ, ರಾತ್ರಿ ಅಂತ ನೋಡುವುದಿಲ್ಲ. ಅರ್ಧ ಗಂಟೆಗೊಂದು ಕಂತಿನಂತೆ ಸಾಗುತ್ತಿರುತ್ತದೆ. ಆ ಕಡೆ ಜಮಾ ಆದ ಮೇಲೆ ಕಳಿಸಿದವರಿಗೂ ಒಂದು ಎಸ್ಸೆಮ್ಮೆಸ್ ಬರುತ್ತೆ. ಅದು ಬಂದ ಮೇಲೆಯೇ ಮೇಲ್ ಬರೆಯಲು ಕೂತೆ.

ಫೋನಿನಲ್ಲಿ ಹೇಳಿದರೆ ಸಾಲದೇ ಅಂತ ಕೇಳಬಹುದು. ಓನರ್ ಹತ್ತಿರ ನಮ್ಮ ಒಂದೂವರೆ ಲಕ್ಷ ಅಡ್ವಾನ್ಸ್ ಇದೆ. ಮನೆ ಖಾಲಿ ಮಾಡುವ ದಿನ ಅವರು ಪಾಸ್‌ಬುಕ್ ತೆಗೆದು, "ಆ ತಿಂಗಳದ್ದು ಬಂದಿಲ್ಲ, ಅಡ್ವಾನ್ಸಲ್ಲಿ ಹಿಡ್ಕೋತೀನಿ" ಅಂದರೆ, ಮೂರು ವರ್ಷದ ಹಿಂದಿನ ಫೋನ್ ಮಾತನ್ನು ಎಲ್ಲಿಂದ ತರೋಣ? ನಾನು ಬರೆದದ್ದು ಇಷ್ಟು:

"ನಮಸ್ಕಾರ ಸರ್. ಮಾರ್ಚ್ ತಿಂಗಳ ಬಾಡಿಗೆ 18,000 ರೂಪಾಯಿ 5ರ ಬದಲು 6ನೇ ತಾರೀಖು ಜಮಾ ಆಗಿದೆ. 5ರ ರಾತ್ರಿ ಯುಪಿಐನಲ್ಲಿ ಕಳಿಸಿದ್ದು ನಿಮಗೆ ತಲುಪದೆ 6ರ ಸಂಜೆ ನನಗೇ ವಾಪಸ್ ಬಂತು. ಅದೇ ರಾತ್ರಿ ನೆಫ್ಟ್ ಮಾಡಿದ್ದೇನೆ. ಅದರ ಯುಟಿಆರ್ ನಂಬರ್ ಕೆಳಗಿದೆ. ನಿಮ್ಮ ಪಾಸ್‌ಬುಕ್ಕಿನಲ್ಲಿ 6ನೇ ತಾರೀಖಿನ ಸಾಲಿನಲ್ಲಿ ಇದೇ ನಂಬರ್ ನೋಡಿ. ವಾಪಸ್ ಬಂದದ್ದೂ ಮತ್ತೆ ಹೋದದ್ದೂ ಇರುವ ಸ್ಟೇಟ್‌ಮೆಂಟ್ ಪುಟ ಲಗತ್ತಿಸಿದ್ದೇನೆ. ಸಿಕ್ಕಿದೆ ಅಂತ ಒಂದು ಸಾಲು ಬರೆದರೆ ಉಪಕಾರ."

ಈ ಮೇಲಿನ ಜೀವ ಇರುವುದು ಆ ನಂಬರಿನಲ್ಲಿ. ಸ್ಕ್ರೀನ್‌ಶಾಟ್ ನನ್ನ ಫೋನಿನದ್ದು, ಅದನ್ನು ಯಾರು ಬೇಕಾದರೂ ತಿದ್ದಬಹುದು. ಯುಟಿಆರ್ ಹಾಗಲ್ಲ, ನನ್ನ ಬ್ಯಾಂಕಿನಲ್ಲೂ ಅವರ ಬ್ಯಾಂಕಿನಲ್ಲೂ ಅದೇ ದಾಖಲಾಗಿರುತ್ತದೆ. ಒಂದು ವೇಳೆ ಹಣ ಕಾಣದಿದ್ದರೂ ಅವರು ಆ ನಂಬರ್ ಹಿಡಿದು ತಮ್ಮ ಶಾಖೆಯಲ್ಲಿ ಕೇಳಬಹುದು. ನೆಫ್ಟಿನದ್ದು 16 ಅಕ್ಷರ-ಅಂಕಿಗಳದ್ದು, ಯುಪಿಐನದ್ದು 12 ಅಂಕಿಯದ್ದು. ಯುಪಿಐ ಆ್ಯಪ್‌ಗಳಲ್ಲಿ ಎರಡು ನಂಬರ್ ಕಾಣುವುದುಂಟು. ಅಕ್ಷರ ಬೆರೆತ ಉದ್ದದ್ದು ಸಾಮಾನ್ಯವಾಗಿ ಆ್ಯಪ್ ತನಗಾಗಿ ಇಟ್ಟುಕೊಂಡದ್ದು, ಬ್ಯಾಂಕಿನವರಿಗೆ ಅದರಿಂದ ಏನೂ ಸಿಗುವುದಿಲ್ಲ. ಕಳಿಸಬೇಕಾದದ್ದು 12 ಅಂಕಿಯದ್ದನ್ನೇ. ಹಾಗೆಯೇ, ವಾಪಸ್ ಬಂದ ವ್ಯವಹಾರಕ್ಕೂ ಒಂದು ನಂಬರ್ ಇರುತ್ತೆ. ಅದನ್ನು ಮೇಲಿನಲ್ಲಿ ಹಾಕಿದರೆ ಓನರ್ ಅದನ್ನೇ ಹುಡುಕುತ್ತಾ ಕೂರುತ್ತಾರೆ. ಅದಕ್ಕೇ ಅದನ್ನು ಸ್ಟೇಟ್‌ಮೆಂಟಿಗೇ ಬಿಟ್ಟು, ಮೇಲಿನಲ್ಲಿ ಒಂದೇ ನಂಬರ್ ಬರೆದೆ.

ನಂಬರನ್ನು ಚಿತ್ರದಲ್ಲಿ ಮಾತ್ರ ಬಿಡದೆ ಅಕ್ಷರದಲ್ಲೂ ಟೈಪ್ ಮಾಡಿದ್ದಕ್ಕೆ ಕಾರಣವಿದೆ. ಹಾಗಿದ್ದರೆ ಕಾಪಿ ಮಾಡಿಕೊಳ್ಳಬಹುದು, ನಾಳೆ ಮೇಲಿನಲ್ಲಿ ಹುಡುಕಿದರೂ ಸಿಗುತ್ತೆ. ಸ್ಟೇಟ್‌ಮೆಂಟಿನಲ್ಲಿ ಬಾಕಿ ಮೊತ್ತ, ಸಂಬಳದ ಸಾಲು, ಕೊನೆಯ ನಾಲ್ಕು ಬಿಟ್ಟು ಖಾತೆ ಸಂಖ್ಯೆಯ ಉಳಿದ ಅಂಕಿಗಳು, ಇಷ್ಟನ್ನು ಮುಚ್ಚಿದೆ. ಬಾಡಿಗೆ ಬಂತೋ ಇಲ್ಲವೋ ಅನ್ನೋದು ಅವರಿಗೆ ಬೇಕು, ನನ್ನ ಸಂಬಳ ಎಷ್ಟು ಅನ್ನೋದು ಬೇಡವಲ್ಲ.

ಮಾರನೇ ದಿನ ಉತ್ತರ ಬಂತು: "ಸಿಕ್ಕಿದೆ. 6ನೇ ತಾರೀಖು, ನಂಬರ್ ತಾಳೆ ಆಯ್ತು." ಹಣ ತಲುಪಿದ್ದನ್ನು ಹಣ ಪಡೆದವರೇ ಒಪ್ಪಿದ್ದು ಆ ಒಂದು ಸಾಲಿನಲ್ಲಿದೆ. ಮೇಲ್ ಅನ್ನೂ ಉತ್ತರವನ್ನೂ ಅಗ್ರಿಮೆಂಟಿನ ಫೋಲ್ಡರಿನಲ್ಲೇ ಸೇರಿಸಿಟ್ಟಿದ್ದೇನೆ. ಅಡ್ವಾನ್ಸ್ ಕೈಗೆ ಬರುವ ತನಕ ಅವು ಅಲ್ಲೇ ಇರುತ್ತವೆ.