ಮುಳ್ಳು ಹಸಿರಲ್ಲೇ ಇತ್ತು

ಗೌರಿ ಹಬ್ಬಕ್ಕೆ ಊರಿಂದ ಬಂದ ಅಮ್ಮ, ಸಾರಕ್ಕಿಯ ನಮ್ಮ ಬಾಡಿಗೆ ಮನೆಯ ಗ್ಯಾಸ್ ಸಿಲಿಂಡರನ್ನ ಒಂದ್ಸಲ ಓರೆ ಮಾಡಿ ನೋಡಿ, "ಇದು ಒಬ್ಬಟ್ಟು ಮುಗಿಯೋವರೆಗೂ ಬರಲ್ಲ ಕಣೋ" ಅಂದಳು. "ಬರುತ್ತೆ ಬಿಡಮ್ಮ" ಅಂತ ನಾನು ರೆಗ್ಯುಲೇಟರ್ ಹತ್ತಿರ ಹಾಕಿದ್ದ ಒತ್ತಡದ ಮೀಟರ್ ತೋರಿಸಿದೆ. ಆನ್‌ಲೈನಲ್ಲಿ ತರಿಸಿದ್ದು. ಮುಳ್ಳು ಹಸಿರಲ್ಲಿತ್ತು. ಮಾರನೇ ದಿನ ಸಾರಕ್ಕಿ ಮಾರ್ಕೆಟ್ಟಿಂದ ಹೂವು ತರೋಷ್ಟರಲ್ಲಿ ಒಲೆ ಆರಿತ್ತು, ಬೇಳೆ ಅರೆಬೆಂದಿತ್ತು.

ನಾನು ನಂಬಿದ್ದು ಪಿಯುಸಿಯ PV = nRT ಸೂತ್ರವನ್ನ. ಅನಿಲ ಅರ್ಧ ಖಾಲಿಯಾದರೆ ಒತ್ತಡವೂ ಅರ್ಧ ಆಗಬೇಕು, ಅಲ್ವಾ? ರಾತ್ರಿ ಕೂತು ಲೆಕ್ಕ ಹಾಕಿದೆ. ಮನೆಯ ಸಿಲಿಂಡರ್ ಸುಮಾರು 33 ಲೀಟರ್ ನೀರು ಹಿಡಿಯುತ್ತೆ, ಅದರಲ್ಲಿ 14.2 ಕೆಜಿ ಗ್ಯಾಸ್. ಎಲ್ಲವೂ ಬ್ಯುಟೇನ್ ಅಂದುಕೊಂಡರೆ ಸುಮಾರು 245 ಮೋಲ್. 25 ಡಿಗ್ರಿಯಲ್ಲಿ ಸೂತ್ರ ಕೊಡೋ ಒತ್ತಡ ವಾತಾವರಣದ 180 ಪಟ್ಟು! ಪ್ರೊಪೇನ್ ಬೆರೆತ ನಿಜವಾದ ಸಿಲಿಂಡರಿನಲ್ಲಿ ಇರೋದು ಹತ್ತು ಪಟ್ಟಿಗಿಂತಲೂ ಕಡಿಮೆ.

ಸೂತ್ರ ಎರಡು ವಿಷಯ ಮರೆಯುತ್ತೆ: ಅಣುಗಳಿಗೆ ತಮ್ಮದೇ ಗಾತ್ರ ಇದೆ, ಮತ್ತು ಅವು ಒಂದನ್ನೊಂದು ಸೆಳೆಯುತ್ತವೆ. ರೂಮಿನ ಗಾಳಿಯಲ್ಲಿ ಅಣುಗಳು ದೂರ ದೂರ ಇರೋದರಿಂದ ಈ ಮರೆವು ನಡೆಯುತ್ತೆ. ಒತ್ತಿ ಹತ್ತಿರ ತಂದಾಗ ಸೆಳೆತ ಕೆಲಸ ಶುರು ಮಾಡುತ್ತೆ. ತಂಪಿದ್ದರೆ ಅಣುಗಳ ಓಟ ನಿಧಾನವಾಗಿ, ಸೆಳೆತ ತಪ್ಪಿಸಿಕೊಳ್ಳೋಕೆ ಆಗದೆ ದ್ರವವಾಗುತ್ತವೆ. 1873ರಲ್ಲಿ ವ್ಯಾನ್ ಡರ್ ವಾಲ್ಸ್ ಸೂತ್ರಕ್ಕೆ ಸೇರಿಸಿದ್ದು ಈ ಎರಡು ತಿದ್ದುಪಡಿಗಳನ್ನೇ.

"ತಂಪು" ಅನ್ನೋದು ಆಯಾ ಅನಿಲಕ್ಕೆ ತಕ್ಕ ಮಾತು. ಬ್ಯುಟೇನನ್ನ 152 ಡಿಗ್ರಿವರೆಗೂ ಒತ್ತಿ ದ್ರವ ಮಾಡಬಹುದು. ಅದಕ್ಕೆ ಬೆಂಗಳೂರಿನ ಮೇ ತಿಂಗಳ ಮಧ್ಯಾಹ್ನವೂ ಚಳಿಯೇ. ನೈಟ್ರೋಜನ್ನಿಗಾದರೆ ಆ ಗಡಿ ಮೈನಸ್ 147. ಹಾಗಾಗಿ ಅದು ನಮ್ಮ ರೂಮಲ್ಲಿ ಸೂತ್ರದಂತೆ ನಡ್ಕೊಳ್ಳುತ್ತೆ.

ಸಿಲಿಂಡರಿನ ತಳದಲ್ಲಿ ದ್ರವ ಇರೋವರೆಗೂ, ಮೇಲಿನ ಅನಿಲ ಒಲೆಗೆ ಹೋದಷ್ಟೂ ದ್ರವ ಆವಿಯಾಗಿ ಜಾಗ ತುಂಬುತ್ತೆ. ಒತ್ತಡ ಹೆಚ್ಚುಕಮ್ಮಿ ಹಾಗೇ ನಿಲ್ಲುತ್ತೆ. ಕೊನೆಯ ಹನಿ ಆವಿಯಾದ ಮೇಲೆ ಮಾತ್ರ ಅದು ಸರ್ರನೆ ಇಳಿಯುತ್ತೆ. ಆಗ ಉಳಿದಿರೋದು ತುಂಬಾ ಸ್ವಲ್ಪ. ನನ್ನ ಮೀಟರಿನ ಮುಳ್ಳು ಚಳಿಯ ಬೆಳಗ್ಗೆ ಸ್ವಲ್ಪ ಇಳಿದು ಮಧ್ಯಾಹ್ನ ಏರುತ್ತಿದ್ದುದು ಯಾಕೆ ಅಂತ ಆಗ ಹೊಳೆಯಿತು. ನಾನು ದುಡ್ಡು ಕೊಟ್ಟು ತಂದಿದ್ದು ಒಂದು ಥರ್ಮಾಮೀಟರು.

ಅಮ್ಮ ನೋಡಿದ್ದು ತೂಕ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತೆ. ಈಗ ತೂಗಿ, ಅದನ್ನ ಕಳೆದುಬಿಡ್ತೀನಿ. ವಿಷಯ ಹೇಳಿದಾಗ ಅಮ್ಮ ನಕ್ಕಳು. "ಎತ್ತಿ ನೋಡೋಕೆ ಬಿಇ ಬೇಕಿತ್ತೇನೋ?"