ಐದೂವರೆ ಗಂಟೆಯ ಅಂತರ

ಯಾವ ಕಂಪನಿ, ಯಾವ ಊರು ಅಂತ ಮಾತ್ರ ಕೇಳಬೇಡಿ. ಗಂಟೆಗಳನ್ನೂ ಕೊಂಚ ಬದಲಿಸಿಯೇ ಹೇಳುತ್ತೇನೆ. ಅವುಗಳ ನಡುವಿನ ಅಂತರ ಮಾತ್ರ ಇದ್ದ ಹಾಗೇ ಇರಲಿ. ಮಳೆಗಾಲ ಅದು. ಆಷಾಢದ ಗಾಳಿಯೋ ಶ್ರಾವಣದ ಜಡಿಯೋ ಈಗ ನೆನಪು ಸರಿಯಾಗಿಲ್ಲ. ನಾವು ತನಿಖೆಗೆ ಹೋಗಿ ಇಳಿದಾಗ ಛತ್ರಿ ನಿಲ್ಲದಷ್ಟು ಗಾಳಿ ಇತ್ತು, ಪ್ಯಾಂಟು ಮೊಣಕಾಲವರೆಗೆ ತೊಯ್ದಿತ್ತು.

ಬೆಳಿಗ್ಗೆ ಕೆಲಸಕ್ಕೆ ಬಂದವರಿಗೆ ಒಂದು ಫೈಲೂ ತೆರೆದಿರಲಿಲ್ಲ. ಎಲ್ಲದಕ್ಕೂ ಬೀಗ, ಪರದೆ ಮೇಲೆ ದುಡ್ಡು ಕೇಳುವ ಒಕ್ಕಣೆ. ಇದನ್ನೇ ರ್‍ಯಾನ್ಸಮ್‌ವೇರ್ ಅನ್ನುವುದು. ಅಲ್ಲಿನ ಸಿಸ್ಟಂ ನೋಡಿಕೊಳ್ಳುವ ಹುಡುಗ ಗಾಬರಿಯಲ್ಲಿ ಸರ್ವರಿನ ಪವರ್ ಬಟನ್ನಿಗೇ ಕೈ ಹಾಕಿದ್ದ. "ಬೇಡಪ್ಪಾ, ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತುಬಿಡು" ಅಂದರು ನಮ್ಮ ಮೇಡಂ. ಕೇಬಲ್ ಕಿತ್ತರೆ ರೋಗ ಪಕ್ಕದ ಯಂತ್ರಕ್ಕೆ ದಾಟುವುದು ನಿಲ್ಲುತ್ತದೆ. ಪವರ್ ತೆಗೆದರೆ ಮೆಮೊರಿಯಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ: ಯಾವ ಪ್ರೋಗ್ರಾಂ ಓಡುತ್ತಿತ್ತು, ಎಲ್ಲಿಗೆ ಸಂಪರ್ಕ ಇತ್ತು, ಅದೃಷ್ಟವಿದ್ದರೆ ಬೀಗದ ಕೀಲಿಯ ಗುರುತು ಕೂಡ. ಅದಕ್ಕೇ ಮೊದಲು ಮೆಮೊರಿಯ ನಕಲು, ಆಮೇಲೆ ಡಿಸ್ಕಿನದು. ಪ್ರತಿ ನಕಲಿಗೂ ಹ್ಯಾಶ್ ಲೆಕ್ಕ ಹಾಕಿ ಬರೆದಿಡುತ್ತೇವೆ. ಆಮೇಲೆ ಒಂದಕ್ಷರ ಬದಲಾದರೂ ಆ ಲೆಕ್ಕ ತಾಳೆಯಾಗುವುದಿಲ್ಲ.

ಈ ಮೇಡಂ ಬಗ್ಗೆ ಹೇಳಲೇಬೇಕು. ಕರಾವಳಿ ಕಡೆಯವರು. ಗೆರೆ ಹಾಕಿದ ನೋಟುಬುಕ್ಕು, ಕಿವಿಯ ಹಿಂದೊಂದು ಪೆನ್ಸಿಲು. ಯಾರು ಯಾವಾಗ ಯಾವ ಯಂತ್ರ ಮುಟ್ಟಿದರು ಅನ್ನುವುದೆಲ್ಲ ಅದರಲ್ಲಿ ದಾಖಲು. ಚೀಲದಲ್ಲಿ ಒಗ್ಗರಣೆ ಅವಲಕ್ಕಿಯ ಡಬ್ಬಿ ಸದಾ ಇರುತ್ತಿತ್ತು. ಹಸಿದವನು ಲಾಗ್ ಓದಬಾರದು ಅನ್ನುವುದು ಅವರ ನಿಯಮ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಮುಂದೆ ಎರಡು ಲಾಗ್ ಇದ್ದವು. ಹೊರಗಿನಿಂದ ಒಳಬರುವ ವಿಪಿಎನ್ ಲಾಗಿನಲ್ಲಿ ಲೆಕ್ಕಪತ್ರದ ಒಬ್ಬರ ಹೆಸರು, ಸಮಯ 20:40. ಫೈಲುಗಳಿಗೆ ಬೀಗ ಬೀಳತೊಡಗಿದ್ದು 02:25ಕ್ಕೆ. ಆ ನೌಕರರು ಹಿಂದಿನ ದಿನ ರಾತ್ರಿ ಒಂಬತ್ತರವರೆಗೆ ಕಚೇರಿಯಲ್ಲೇ ಇದ್ದರಂತೆ. ಇನ್ನೇನು ಬೇಕು? ಒಳಗಿನವರದೇ ಕೈವಾಡ ಅಂತ ಮ್ಯಾನೇಜರ್ ತೀರ್ಮಾನಿಸಿಯೇಬಿಟ್ಟರು. ಆ ಮನುಷ್ಯ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು, ಕೈಯಲ್ಲಿದ್ದ ಚಹಾ ಆರಿ ಕೆನೆ ಕಟ್ಟಿತ್ತು.

ಮೇಡಂ ಅವಲಕ್ಕಿ ಮುಂದಿಟ್ಟು ಕೇಳಿದರು, "ಈ ಲಾಗ್ ಯಾವ ಊರಿನ ಗಡಿಯಾರ ನೋಡಿ ಬರೆದದ್ದು?" ಸೆಟ್ಟಿಂಗ್ ತೆಗೆದು ನೋಡಿದರೆ ವಿಪಿಎನ್ ಯಂತ್ರ ಯುಟಿಸಿಯಲ್ಲಿತ್ತು, ಫೈಲ್ ಸರ್ವರ್ ಭಾರತೀಯ ಕಾಲಮಾನದಲ್ಲಿ. 20:40ಕ್ಕೆ ಐದೂವರೆ ಗಂಟೆ ಕೂಡಿಸಿ: ನಡುರಾತ್ರಿ ದಾಟಿ 02:10. ಬಾಗಿಲು ತೆರೆದ ಹದಿನೈದೇ ನಿಮಿಷಕ್ಕೆ ಬೀಗ. ಆ ಹೊತ್ತಿನಲ್ಲಿ ಆ ನೌಕರರು ಮನೆಯಲ್ಲಿ ಮಲಗಿದ್ದರು. ಅವರ ಪಾಸ್‌ವರ್ಡ್ ಕದ್ದವನು ಎಲ್ಲೋ ಕೂತಿದ್ದ. ಸಂಪರ್ಕ ಬಂದ ವಿಳಾಸವೂ ಅದನ್ನೇ ಹೇಳಿತು.

ಭಾರತದಲ್ಲಿ 2022ರ ಆದೇಶದಂತೆ ಇಂಥದ್ದು ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಆ ಅವಸರದಲ್ಲಿ ತಪ್ಪು ಹೆಸರು ವರದಿಗೆ ಸೇರಿಬಿಡುವುದು ಸುಲಭ. ನಮ್ಮ ವರದಿಯಲ್ಲಿ ಆ ನೌಕರರು ಸಂಶಯಿತರಾಗಲಿಲ್ಲ.

ನಾನು ಆಗ ಜಿಸಿಐಎಚ್ ಪರೀಕ್ಷೆಗೆ ಓದುತ್ತಿದ್ದೆ. ಘಟನೆ ನಿಭಾಯಿಸುವವರ ಪ್ರಮಾಣಪತ್ರ ಅದು. ಪುಸ್ತಕ ನೋಡಿಕೊಂಡೇ ಬರೆಯಬಹುದು. ಆದರೂ ಸ್ವಂತ ಸೂಚಿ ಮಾಡಿಕೊಳ್ಳದವನಿಗೆ ಸಮಯ ಸಾಲದು. ನಾಲ್ಕು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಿಐಎಸ್‌ಎಸ್‌ಪಿಗಾದರೆ ಪರೀಕ್ಷೆ ಪಾಸಾದರೂ ಸಾಮಾನ್ಯವಾಗಿ ಐದು ವರ್ಷದ ಅನುಭವ ತೋರಿಸಬೇಕು. ಇವು ಕಲಿಸುವುದು ಮುಖ್ಯವಾಗಿ ಕೆಲಸದ ಕ್ರಮ: ಪತ್ತೆ, ತಡೆ, ನಿರ್ಮೂಲನೆ, ಚೇತರಿಕೆ, ಕೊನೆಗೆ ಪಾಠ. ಜೊತೆಗೆ ಬಾಯಿ ಬಿಗಿಹಿಡಿಯುವ ನೀತಿಸಂಹಿತೆಗೂ ಸಹಿ ಬೀಳುತ್ತದೆ.

ಆ ಪಾಸ್‌ವರ್ಡ್ ಕಳವಾದದ್ದು ಹೇಗೆ, ಯಾವ ಉಪಕರಣದಲ್ಲಿ ಏನು ಸಡಿಲವಿತ್ತು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದೇ ಉಪಕರಣ ಇನ್ನೆಷ್ಟೋ ಕಡೆ ಅದೇ ಸಡಿಲದಲ್ಲಿ ನಿಂತಿರುತ್ತದೆ, ಓದುವವರಲ್ಲಿ ಕಳ್ಳನೂ ಇರುತ್ತಾನೆ. ನಮ್ಮಲ್ಲಿ ಮಾಹಿತಿಗೆ ಟಿಎಲ್‌ಪಿ ಅಂತ ಬಣ್ಣದ ಗುರುತು ಹಚ್ಚುತ್ತೇವೆ. ಕೆಂಪಾದರೆ ಆ ಕೋಣೆಯಲ್ಲಿದ್ದವರಿಗೆ ಮಾತ್ರ. ಅವತ್ತಿನ ಬಹುಪಾಲು ಕೆಂಪೇ.

ಗಡಿಯಾರದ ಪಾಠಕ್ಕೆ ಮಾತ್ರ ಯಾವ ಬಣ್ಣವೂ ಬೇಡ. ನಿಮ್ಮ ಕಚೇರಿಯಲ್ಲಿ ಇಂಥ ಪರದೆ ಕಂಡರೆ ಕೇಬಲ್ ಕೀಳಿ, ಪವರ್ ತೆಗೆಯಬೇಡಿ, ಪರದೆಯ ಫೋಟೋ ತೆಗೆದು ಸಮಯ ಬರೆದಿಡಿ. ಯಾವ ಲಾಗ್ ಯಾವ ಕಾಲಮಾನದ್ದು ಅಂತ ಗೊತ್ತಾಗುವವರೆಗೆ ಯಾರ ಹೆಸರನ್ನೂ ಎತ್ತಬೇಡಿ.