ಮಣದ ಲೆಕ್ಕ, ರಾಶಿಯ ಫಲ

ದಿನಪತ್ರಿಕೆಯ ದಿನಭವಿಷ್ಯಕ್ಕೆ ಅದರದೇ ಆದ ವ್ಯಾಕರಣವಿದೆ. ಅಲ್ಲಿ ವಾಕ್ಯಕ್ಕೆ ಕ್ರಿಯಾಪದ ಬೇಕೆಂಬ ಕಟ್ಟುಪಾಡಿಲ್ಲ. ‘ಅನಿರೀಕ್ಷಿತ ಧನಲಾಭ’, ‘ಅಲ್ಪ ಲಾಭ, ಅಧಿಕ ತಿರುಗಾಟ’, ‘ಹಿತಶತ್ರುಗಳಿಂದ ತೊಂದರೆ’, ‘ಮಾತಿನಲ್ಲಿ ಹಿಡಿತವಿರಲಿ’ ಎಂಬಂತಹ ಮಾತುಗಳು ಸಾಲಾಗಿ ಬಂದು ನಿಲ್ಲುತ್ತವೆ. ಎಷ್ಟು, ಎಂದು, ಯಾರಿಂದ ಎಂಬ ಮೂರು ಪ್ರಶ್ನೆಗಳು ಅವುಗಳ ಕಿವಿಗೆ ಬೀಳುವುದಿಲ್ಲ. ಒಂದೇ ಕಚೇರಿಯಲ್ಲಿ ಹಲವು ವರ್ಷ ಕಡತ ನೋಡಿದ ನಾವು ನಾಲ್ವರು, ರಾಜ್ಯೋತ್ಸವದ ಕೈಬರಹದ ಸಂಚಿಕೆಗೆಂದು ಈ ಭಾಷೆಯನ್ನು ಅಣಕಿಸಿ ‘ಕಚೇರಿ ರಾಶಿಫಲ’ ಬರೆಯುತ್ತ ಬಂದವರು. ಅಣಕ ಬರೆದವರಿಗೆ ಮೊದಲು ತಿಳಿಯುವ ಸಂಗತಿಯೊಂದಿದೆ: ಓದುವವರು ನಗುತ್ತಾರೆ ನಿಜ, ನಕ್ಕ ಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, ‘ನಿಮಗೆ ಇದು ಹೇಗೆ ಗೊತ್ತಾಯಿತು?’ ಎಂದೂ ಕೇಳುತ್ತಾರೆ.

ಹೇಗೆಂಬುದನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ವೃಷಭ ರಾಶಿಗೆ ನಾವು ಮೊದಲು ಬರೆದದ್ದು ಇಷ್ಟೇ: ‘ಕಚೇರಿಯಲ್ಲಿ ಕಿರಿಕಿರಿ.’ ಇದು ಸುಳ್ಳಾಗದು, ಆದರೆ ನಗುವೂ ಬಾರದು. ಇದು ಪತ್ರಿಕೆಯ ಮಾತೇ ಹೊರತು ಅಣಕವಲ್ಲ. ತಿದ್ದಿದ ರೂಪ ಹೀಗಿತ್ತು: ‘ಬುಧವಾರ ಮಧ್ಯಾಹ್ನ 3 ಗಂಟೆಗೆ ಲೆಕ್ಕಪತ್ರ ವಿಭಾಗದಿಂದ ಕಡತವು ಆಕ್ಷೇಪಣೆಯೊಂದಿಗೆ ಹಿಂದಿರುಗುವುದು.’ ಇದು ಅತಿ ನಿಖರ. ಬುಧವಾರ ಕಳೆದರೆ ಸುಳ್ಳಾಗುತ್ತದೆ. ನಿಜವಾದರೆ ಇನ್ನೂ ಕಷ್ಟ, ಅದು ಲೆಕ್ಕಪತ್ರ ವಿಭಾಗದ ಮೇಲಿನ ಚಾಡಿಯಾಗುತ್ತದೆ. ಕೊನೆಗೆ ನಿಂತ ಪಾಠ ಇದು: ‘ವೃಷಭ: ಮುಗಿಯಿತೆಂದು ನೀವು ನಂಬಿದ್ದ ಕಡತವೊಂದು ಹಿಂದಿರುಗುವುದು. ಅಂಚಿನಲ್ಲಿ ‘ಚರ್ಚಿಸಿ’ ಎಂಬ ಒಂದೇ ಪದ. ಯಾರೊಂದಿಗೆ ಎಂಬುದನ್ನು ಗ್ರಹಗಳೂ ಹೇಳಲಾರವು.’

ಇಲ್ಲಿ ಘಟನೆ ಎಲ್ಲರದು. ಕಡತ ಹಿಂದಿರುಗದ ಮೇಜು ಯಾವ ಕಚೇರಿಯಲ್ಲೂ ಇಲ್ಲ. ಆದರೆ ವಸ್ತು ಮಾತ್ರ ಒಬ್ಬನದೇ ಎಂಬಂತೆ ತೋರುತ್ತದೆ; ಅಂಚಿನ ಆ ಒಂದು ಪದವನ್ನು ಪ್ರತಿಯೊಬ್ಬರೂ ತಮ್ಮ ಕಡತದಲ್ಲಿಯೇ ಕಂಡಿರುತ್ತಾರೆ. ಕಾಲವಂತೂ ಯಾರದೂ ಅಲ್ಲ. ಈ ಮೂರು ಕೂಡಿದರೆ ಅಣಕ ನಿಲ್ಲುತ್ತದೆ. ‘ಕನ್ಯಾ: ಹಾಜರಾತಿಯ ಬೆರಳಚ್ಚು ಯಂತ್ರ ಎರಡನೆಯ ಸಲ ಒಪ್ಪುವುದು, ಮೊದಲ ಸಲ ಅದು ನಿಮ್ಮನ್ನು ನೀವಲ್ಲವೆಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳದಿರಿ.’ ‘ತುಲಾ: ಬೀಳ್ಕೊಡುಗೆಗೆ ಚಂದಾ ಕೊಡುವಿರಿ, ಬೀಳ್ಕೊಡುತ್ತಿರುವುದು ಯಾರನ್ನೆಂದು ಕೇಳಲು ಸಂಕೋಚ.’ ಫಲಗಳು ಸರಿಯಾಗಿವೆಯೇ ಎಂದು ನೋಡಲು ನಾವು ರಾಶಿಯ ಹೆಸರುಗಳನ್ನು ಅದಲುಬದಲು ಮಾಡುತ್ತೇವೆ. ತುಲಾದವರು ಕನ್ಯಾದ ಫಲವನ್ನು ಓದಿಯೂ ತಲೆದೂಗಿದರೆ ಬರಹ ಗೆದ್ದಿತು.

ಇದು ನಮ್ಮ ಕಂಡುಹಿಡಿತವೇನಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನೋವಿಜ್ಞಾನಿ ತನ್ನ 39 ವಿದ್ಯಾರ್ಥಿಗಳಿಗೆ ಸ್ವಭಾವಪರೀಕ್ಷೆಯೊಂದನ್ನು ಕೊಟ್ಟು, ಒಂದು ವಾರದ ಬಳಿಕ ಒಬ್ಬೊಬ್ಬರ ಕೈಗೂ ಅವರವರ ಗುಣವಿವರಣೆಯೆಂದು ಒಂದು ಹಾಳೆಯನ್ನಿತ್ತ. ಎಲ್ಲ ಹಾಳೆಗಳಲ್ಲಿಯೂ ಇದ್ದದ್ದು ಒಂದೇ ಬರಹ. ಅದರ ಬಹುಪಾಲು ವಾಕ್ಯಗಳು ಅಂಗಡಿಯಲ್ಲಿ ಕೊಂಡ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದಂಥವು. ವಿವರಣೆ ಎಷ್ಟು ಸರಿಯೆಂದು 5 ಅಂಕಗಳಿಗೆ ಅಳೆಯಿರಿ ಎಂದಾಗ ವಿದ್ಯಾರ್ಥಿಗಳು ಕೊಟ್ಟ ಸರಾಸರಿ 4.26. ಬರೆದವನು ಅರ್ಧ ಬರೆದಿದ್ದ. ಉಳಿದರ್ಧವನ್ನು ಓದಿದವರು ತಮ್ಮ ಬಾಳಿನಿಂದ ತುಂಬಿಕೊಂಡರು.

ರಜಾ ಪ್ರಯಾಣ ರಿಯಾಯಿತಿಯಲ್ಲಿ ನಾವು ಕಾಶಿಗೆ ಹೋದಾಗ ಈ ಅರ್ಧದ ಬೆಲೆ ಇನ್ನೊಂದು ಬಗೆಯಲ್ಲಿ ಕಂಡಿತು. ಮೊದಲು ಮಾನ್ ಮಂದಿರ ಘಾಟಿನ ಮಾಳಿಗೆಗೆ ಹತ್ತಿದೆವು. ಜಯಪುರದ ಸವಾಯಿ ಜಯಸಿಂಹ 18ನೇ ಶತಮಾನದಲ್ಲಿ ಅಲ್ಲಿ ಕಟ್ಟಿಸಿದ ಯಂತ್ರಗಳು ಕಲ್ಲುಗಾರೆಯವು. ನೆರಳು ಎಲ್ಲಿ ಬಿತ್ತೆಂದು ನೋಡಿ ಹೊತ್ತನ್ನು ಅಳೆಯುವಂಥವು. ಪಂಚಾಂಗದ ಗಣಿತಭಾಗ ಈ ಜಾತಿಯದು. ಗ್ರಹಣ ಹೇಳಿದ ಹೊತ್ತಿಗೆ ಹಿಡಿಯದಿದ್ದರೆ ಲೆಕ್ಕ ತಪ್ಪಿತೆಂದು ಊರಿಗೆಲ್ಲ ತಿಳಿಯುತ್ತದೆ. ಫಲಭಾಗಕ್ಕೆ ಆ ಅಂಜಿಕೆಯಿಲ್ಲ.

ಅಲ್ಲಿಂದ ಹೊಳೆಯ ಹರಿವಿನ ದಿಕ್ಕಿನಲ್ಲಿ ನಡೆದರೆ ಮಣಿಕರ್ಣಿಕಾ ಘಾಟ್. ಹಗಲಿರುಳೆನ್ನದೆ ಚಿತೆ ಉರಿಯುವ ಆ ಮೆಟ್ಟಿಲುಗಳ ಹಿಂದೆ ಸೌದೆಯ ರಾಶಿಗಳು ಮನೆಯೆತ್ತರಕ್ಕೆ ನಿಂತಿವೆ. ನಡುವೆ ದೊಡ್ಡ ತಕ್ಕಡಿಗಳು. ಕಾಶಿಯಲ್ಲಿ ಸತ್ತವರ ಕಿವಿಯಲ್ಲಿ ಶಿವನೇ ತಾರಕಮಂತ್ರವನ್ನು ಉಸುರುವನೆಂದೂ ಯಮನಿಗೆ ಈ ಊರಿನ ಮೇಲೆ ಅಧಿಕಾರವಿಲ್ಲವೆಂದೂ ನಂಬಿಕೆ. ಕಾಲಭೈರವ ಇಲ್ಲಿಯ ಕೊತ್ವಾಲ. ನಮ್ಮಲ್ಲೊಬ್ಬರು, ‘ಕಡತ ನೇರವಾಗಿ ಮೇಲಿನ ಕಚೇರಿಗೆ, ನಡುವೆ ಷರಾ ಇಲ್ಲ’ ಎಂದರು. ನಾವೆಲ್ಲ ಮೆಲ್ಲಗೆ ನಕ್ಕೆವು. ಆ ಜಾಗದಲ್ಲಿ ನಗುವುದು ತಪ್ಪೆಂದು ಯಾರೂ ಗದರಲಿಲ್ಲ. ಪಕ್ಕದಲ್ಲೇ ಚಹಾದವನು ಕುಲ್ಹಡ್ ಹಂಚುತ್ತಿದ್ದ.

ಸೌದೆಯ ಅಂಗಡಿಯ ಮುಂದೆ ಕನ್ನಡ ಕೇಳಿಸಿತು. ಕಲಬುರಗಿಯ ಕಡೆಯವರು, ಬ್ಯಾಂಕಿನ ನೌಕರರು. ಯಾತ್ರೆಗೆಂದು ಕರೆತಂದಿದ್ದ ತಾಯಿ ಹಿಂದಿನ ರಾತ್ರಿ ತೀರಿಕೊಂಡಿದ್ದರು. ಅಂಗಡಿಯವನು ಚಟ್ಟದತ್ತ ಒಮ್ಮೆ ನೋಡಿ, ‘ಏಳು ಮಣ’ ಎಂದ. ಅದು ನಮ್ಮ ಕಡೆಯ ಹಳೆಯ ಚಿಕ್ಕ ಮಣವಲ್ಲ. ಅಲ್ಲಿಯ ಒಂದು ಮಣಕ್ಕೆ ಸುಮಾರು 40 ಕಿಲೋ. ಸೌದೆ ತಕ್ಕಡಿಗೇರಿತು. ಕಾಯುತ್ತ ನಿಂತ ಆ ಮಗ ಫೋನನ್ನು ನಮ್ಮತ್ತ ಚಾಚಿ, ‘ಇವತ್ತಿಂದು ನೋಡ್ರಿ ಸರ್, ಹಿರಿಯರ ಆಶೀರ್ವಾದದಿಂದ ಕಾರ್ಯಸಿದ್ಧಿ ಅಂತ ಬರ್ದದ. ಅವ್ವ ಕಾಶ್ಯಾಗೇ ಹೋಗ್ಬೇಕು ಅಂತಿದ್ಲು’ ಎಂದರು.

ಆ ವಾಕ್ಯವನ್ನು ನಾವು ಬಲ್ಲೆವು. ಎಷ್ಟು ರಾಶಿಗಳಿಗೆ ಅದನ್ನು ಅಣಕಿಸಿ ಬರೆದಿದ್ದೆವೋ ಲೆಕ್ಕವಿಲ್ಲ. ಅದೇ ಬೆಳಗ್ಗೆ ಅದನ್ನೋದಿದ ಮತ್ತಾರಿಗೋ ಅದು ಮಗಳ ಸಂಬಂಧ ಕುದುರಿದ್ದಾಗಿರಬಹುದು, ಇನ್ನಾರಿಗೋ ವರ್ಗಾವಣೆ ರದ್ದಾದದ್ದು. ಆದರೂ ನಮ್ಮಲ್ಲಿ ಹಿರಿಯರಾದವರು, ‘ಹೌದು ಸರ್, ಸರಿಯಾಗಿಯೇ ಇದೆ’ ಎಂದರು; ಉಳಿದವರಿಗೆ ಅದು ಸುಳ್ಳೆನಿಸಲಿಲ್ಲ. ವಾಕ್ಯ ಬರಿದಾಗಿತ್ತು, ಅದರಲ್ಲಿ ಅವರು ಇಟ್ಟದ್ದು ಬರಿದಾಗಿರಲಿಲ್ಲ. ಇದೇ ಬರಿದುತನದಲ್ಲಿ ಯಾರಾದರೂ ಹಣ ಕಟ್ಟಿಸಿಕೊಂಡು ಶಾಂತಿ, ಹರಳು, ಉಂಗುರ ಎಂದು ತುಂಬತೊಡಗಿದರೆ ಮಾತು ಬೇರೆ. ತುಂಬುವವನು ಓದುಗನೋ ಮಾರುವವನೋ ಎಂಬುದನ್ನು ನೋಡಿದರೆ ಸಮಾಧಾನವೆಲ್ಲಿ, ವಂಚನೆಯೆಲ್ಲಿ ಎಂಬುದು ತಿಳಿಯುತ್ತದೆ.

ಡೋಮನಿಂದ ಬೆಂಕಿ ಪಡೆದು ಮಗ ಚಿತೆಯನ್ನು ಸುತ್ತಿದರು. ಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಸೌದೆ ಸಾಲದಾಯಿತು. ಅಂಗಡಿಯ ಹುಡುಗ ಮೇಲಿನಿಂದ ಮತ್ತೆ ನಾಲ್ಕು ಕೊರಡು ಹೊತ್ತು ತಂದ. ಏಳು ಮಣವೆಂದವನ ಅಂದಾಜು ತಪ್ಪಿತ್ತು, ಅದು ಅಲ್ಲಿದ್ದವರಿಗೆಲ್ಲ ಕಂಡಿತು, ಅವನೂ ಒಪ್ಪಿದ. ನಾವು ಬರೆದ ಯಾವ ಫಲಕ್ಕೂ ಹೀಗೆ ನಾಲ್ಕು ಕೊರಡು ಕಡಿಮೆ ಬೀಳುವ ಭಯವಿರಲಿಲ್ಲ.

ಈ ವರ್ಷದ ಸಂಚಿಕೆಗೂ ಹನ್ನೆರಡು ಫಲಗಳು ಸಿದ್ಧವಾಗಿವೆ. ಮೀನಕ್ಕೆ ಬರೆದದ್ದು ಹೀಗೆ: ‘ರಜೆಯ ಅರ್ಜಿಯಲ್ಲಿ ಕಾರಣ ಎಂಬ ಕಡೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ಕೂರುವಿರಿ. ಪಕ್ಕದ ಮೇಜಿನವರು ಕೇಳದೆಯೇ ಚಹಾ ತರಿಸುವರು.’ ರಾಶಿಯ ಹೆಸರನ್ನು ಬದಲಿಸಿ ನೋಡಿದೆವು. ಎಲ್ಲ ಕಡೆಯೂ ಹೊಂದುತ್ತದೆ.